ನೂರಾ ಆರು ಕುಣಿಕೆ ಎಂಬತ್ತಾರು ಆದ ಲೆಕ್ಕ

ಸ್ವೆಟರ್ ಹೆಣೆಯುವ ಪುಸ್ತಕ ತೆಗೆದರೆ ಪ್ರತಿ ಪ್ಯಾಟರ್ನ್‌ನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ನನ್ನ ಹತ್ತಿರ ಇರುವ ಜೆರಾಕ್ಸ್ ಪ್ರತಿಯಲ್ಲಿ ಅದು ಹೀಗಿದೆ: 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, 10 ಸೆಂ.ಮೀ. ಉದ್ದಕ್ಕೆ 28 ಸಾಲು, ಕಡ್ಡಿ 4 ಮಿ.ಮೀ. ಇದಕ್ಕೆ ಗೇಜ್ ಎನ್ನುತ್ತಾರೆ. ಹೆಚ್ಚಿನವರು ಇದನ್ನು ಓದದೆ ನೇರವಾಗಿ ಮುಂದಿನ ಸಾಲಿಗೆ ಹೋಗುತ್ತಾರೆ. ಮುಂದಿನ ಸಾಲು, 'ಹಿಂಭಾಗಕ್ಕೆ 106 ಕುಣಿಕೆ ಹಾಕಿ.' ಆದರೆ ಈ 106 ಎಂಬ ಸಂಖ್ಯೆ ಮೇಲಿನ ಸಾಲಿನಿಂದಲೇ ಬಂದದ್ದು. ಮೇಲಿನ ಸಾಲು ನಿಮ್ಮ ನೂಲಿಗೆ ಹೊಂದದಿದ್ದರೆ 106 ಕೂಡ ನಿಮ್ಮದಲ್ಲ.

ನಮ್ಮ ಮನೆಯಲ್ಲಿ ಕಳೆದ ನವೆಂಬರ್‌ನಲ್ಲಿ ಹೆಣೆಯಬೇಕಾಗಿದ್ದ ನೂಲಿಗೆ ಲೇಬಲ್ಲೇ ಇರಲಿಲ್ಲ. ಅದು ದಾದಾಜಾನ್ ಅವರ ಸ್ವೆಟರ್‌ನ ನೂಲು. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಅದು ಟ್ರಂಕ್‌ನಲ್ಲಿತ್ತು. ಮೊಣಕೈ ಸವೆದು ಹೋಗಿತ್ತು, ಒಂದು ಕಡೆ ನುಸಿ ತಿಂದಿತ್ತು. ಇನ್ನೊಂದು ವರ್ಷ ಬಿಟ್ಟರೆ ಪೂರ್ತಿ ಹೋಗುತ್ತದೆ ಎಂದು ದಾದಿಯೇ ಹೇಳಿದರು. ಅದನ್ನು ಹೆಣೆದವರೂ ಅವರೇ. ಬಿಚ್ಚಿ ಅಬ್ಬಾ ಅವರಿಗೆ ಹೊಸದು ಮಾಡೋಣ ಎಂದು ಅವರೇ ತೀರ್ಮಾನಿಸಿದರು. ಅಬ್ಬಾ ಫಜರ್ ನಮಾಜ್ ಮುಗಿಸಿ ನೇರವಾಗಿ ಬೇಕರಿ ತೆರೆಯಲು ಹೋಗುತ್ತಾರೆ. ಚಿಕ್ಕಮಗಳೂರಿನ ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಬೈಕ್ ಮೇಲೆ ಹೋಗುವುದು ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ದಾದಿಯ ಬೆರಳುಗಳ ಗಂಟು ಈಗ ಬಾತುಕೊಂಡಿರುತ್ತವೆ, ಕಡ್ಡಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ಕಡ್ಡಿ ನನ್ನ ಕೈಗೆ ಬಂತು.

ಹಳೆಯ ಉಣ್ಣೆಯಲ್ಲಿ ಒಂದು ಕಷ್ಟವಿದೆ. ಅಂಗಡಿಯ ನೂಲಾದರೆ ಹೆಣೆದು, ಬಿಚ್ಚಿ, ಮತ್ತೆ ಹೆಣೆಯಬಹುದು. ಮೂವತ್ತು ವರ್ಷ ಉಟ್ಟ ಉಣ್ಣೆ ಎರಡು ಮೂರು ಸಲ ಬಿಚ್ಚಿದರೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಸಾಲದೆ ಹೋದರೆ ಅದೇ ನೂಲು ಎಲ್ಲೂ ಸಿಗುವುದಿಲ್ಲ. ಹೀಗಾಗಿ ಲೆಕ್ಕ ಮೊದಲು, ಹೆಣಿಗೆ ಆಮೇಲೆ ಎಂದು ನಿಶ್ಚಯಿಸಿದೆವು.

ಕೈಯಲ್ಲಿ ಹೆಣೆದ ಸ್ವೆಟರ್ ಬಿಚ್ಚುವುದು ಸುಲಭ. ಮೊದಲು ಪಕ್ಕದ ಮತ್ತು ತೋಳಿನ ಹೊಲಿಗೆ ಬಿಡಿಸಬೇಕು, ಆಮೇಲೆ ಒಂದೊಂದು ಭಾಗವನ್ನೂ ಕುಣಿಕೆ ಮುಚ್ಚಿದ ಕಡೆಯಿಂದ, ಅಂದರೆ ಮೇಲಿನಿಂದ, ಎಳೆಯುತ್ತಾ ಬರಬೇಕು. ಬಂದ ನೂಲು ನೂಡಲ್ಸ್ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಹಾಗೆಯೇ ಹೆಣೆಯಬಾರದು. ಸುರುಳಿ ನೂಲು ಕುಣಿಕೆಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ, ಒಗೆದಾಗ ನೇರವಾಗಿ ಬಟ್ಟೆ ಅಗಲವಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ನೆನೆಸಿದೆವು. ಉಜ್ಜಲಿಲ್ಲ, ಬಿಸಿ ನೀರು ಮತ್ತು ಉಜ್ಜುವುದು ಎರಡೂ ಸೇರಿದರೆ ಉಣ್ಣೆ ಕಂಬಳಿಯಂತೆ ಗಟ್ಟಿಯಾಗಿ ಬಿಡುತ್ತದೆ. ಲಡಿಯ ಕೆಳಗೆ ನೀರು ತುಂಬಿದ ಸಣ್ಣ ಬಾಟಲಿ ಕಟ್ಟಿ ನೆರಳಲ್ಲಿ ಒಣಗಿಸಿದೆವು. ಸವೆದ ಭಾಗ, ನುಸಿ ತಿಂದ ಭಾಗ ಎಲ್ಲ ತೆಗೆದ ಮೇಲೆ ಬೇಕರಿಯ ಡಿಜಿಟಲ್ ತಕ್ಕಡಿಯಲ್ಲಿ 510 ಗ್ರಾಂ ಉಳಿದಿತ್ತು.

ಈಗ ಪ್ಯಾಟರ್ನ್ ಕಡೆಗೆ ಬರೋಣ. ಅದು 'ಡಬಲ್ ನಿಟಿಂಗ್', ಅಂದರೆ ಡಿ.ಕೆ. ನೂಲಿಗೆ ಬರೆದದ್ದು. ಇಂಗ್ಲಿಷ್ ಪುಸ್ತಕಗಳಲ್ಲಿ ನೂಲಿನ 'ವೇಟ್' ಎಂದರೆ ಗ್ರಾಂ ಲೆಕ್ಕದ ತೂಕವಲ್ಲ, ನೂಲು ಎಷ್ಟು ದಪ್ಪ ಎನ್ನುವುದು. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಈ ದಪ್ಪಕ್ಕೆ ಅಂಕಿಗಳನ್ನು ಕೊಟ್ಟಿದೆ. ಡಿ.ಕೆ. ನೂಲು 3ನೇ ವರ್ಗ, ನಾಲ್ಕು ಇಂಚಿಗೆ 21ರಿಂದ 24 ಕುಣಿಕೆ. ಅದರ ಮೇಲಿನ 4ನೇ ವರ್ಗಕ್ಕೆ ವರ್ಸ್ಟೆಡ್ ಅಥವಾ ಆರಾನ್ ಎನ್ನುತ್ತಾರೆ, 16ರಿಂದ 20 ಕುಣಿಕೆ. ನಾಲ್ಕು ಇಂಚು ಎಂದರೆ 10 ಸೆಂ.ಮೀ.ಗೆ ಕೂದಲೆಳೆಯಷ್ಟು ಹೆಚ್ಚು, ಒಂದೇ ಎಂದು ತಿಳಿದರೆ ನಷ್ಟವಿಲ್ಲ. ನಮ್ಮ ನೂಲನ್ನು ಸ್ಕೇಲ್‌ಗೆ ಒಂದರ ಪಕ್ಕ ಒಂದು ಸುತ್ತಿ ನೋಡಿದಾಗ ಒಂದು ಇಂಚಿಗೆ ಒಂಬತ್ತು ಸುತ್ತು ಬಂತು. ಮನೆಯಲ್ಲಿದ್ದ ಡಿ.ಕೆ. ಉಂಡೆ ಹನ್ನೆರಡು ಸುತ್ತು ಬಂತು. ಅಂದರೆ ನಮ್ಮದು ಖಂಡಿತ ದಪ್ಪ. ಎಷ್ಟು ದಪ್ಪ, ಎಷ್ಟು ಕುಣಿಕೆ ಎಂಬುದನ್ನು ಸುತ್ತು ಹೇಳುವುದಿಲ್ಲ, ಹೆಣೆದೇ ನೋಡಬೇಕು.

ಈ ನೋಡುವ ತುಂಡಿಗೆ ಇಂಗ್ಲಿಷ್‌ನಲ್ಲಿ ಸ್ವಾಚ್ ಎಂದು ಹೆಸರು. ದಾದಿ ಅದನ್ನು ನಮೂನಾ ಎನ್ನುತ್ತಾರೆ. ಕನ್ನಡದಲ್ಲೂ ನಮೂನೆ ಎಂದೇ ಇರುವುದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ. ಕುಣಿಕೆಗೆ ಅವರು ಫಂದಾ ಅನ್ನುತ್ತಾರೆ, ಕಡ್ಡಿಗೂ ಸಲಾಯಿ, ಸಾಲಿಗೂ ಸಲಾಯಿ. 'ಇನ್ನೆರಡು ಸಲಾಯಿ ಹಾಕು' ಎಂದರೆ ಕಡ್ಡಿ ತರಲು ಎದ್ದು ಹೋಗಬಾರದು ಎಂಬುದು ಅಭ್ಯಾಸದಿಂದ ಬರುತ್ತದೆ.

ಕಡ್ಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ದಾದಿಯ ಹಳೆಯ ಕಡ್ಡಿಗಳ ಮೇಲೆ 8, 10, 12 ಎಂದು ಬರೆದಿದೆ. ಇದು ಬ್ರಿಟಿಷರ ಹಳೆಯ ಕ್ರಮ, ಅಂಕಿ ದೊಡ್ಡದಾದಷ್ಟೂ ಕಡ್ಡಿ ತೆಳು. ಅದರಲ್ಲಿ 8 ಎಂದರೆ 4 ಮಿ.ಮೀ., 6 ಎಂದರೆ 5 ಮಿ.ಮೀ. ಅಮೆರಿಕದ ಕ್ರಮ ಇದಕ್ಕೆ ತಲೆಕೆಳಗು, ಅಲ್ಲಿ 8 ಎಂದರೆ 5 ಮಿ.ಮೀ. ಆದ್ದರಿಂದ ನಂಬರ್ ಬಿಟ್ಟು ಮಿಲಿಮೀಟರ್ ನೋಡುವುದೇ ಕ್ಷೇಮ.

ಮೊದಲು ಪುಸ್ತಕ ಹೇಳಿದ 4 ಮಿ.ಮೀ. ಕಡ್ಡಿಯಲ್ಲೇ ಒಂದು ಸಣ್ಣ ನಮೂನೆ ಹೆಣೆದೆ. 10 ಸೆಂ.ಮೀ.ಗೆ 20 ಕುಣಿಕೆ ಬಂತು. ಇಪ್ಪತ್ತೆರಡಕ್ಕೆ ಹತ್ತಿರ, ಇನ್ನೂ ಸಣ್ಣ ಕಡ್ಡಿ ಹಿಡಿದರೆ ಇಪ್ಪತ್ತೆರಡೇ ಬರುತ್ತದೆ, ಲೆಕ್ಕವೇ ಬೇಡ ಎಂದು ಯಾರಿಗಾದರೂ ಅನ್ನಿಸಬಹುದು. ದಾದಿ ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. ಅದು ಮಡಿಕೆ ಬೀಳಲಿಲ್ಲ, ರಟ್ಟಿನಂತೆ ಎದ್ದು ನಿಂತಿತು. 'ಯೆ ಪಾಯ್‌ದಾನ್ ಹೈ' ಅಂದರು, ಕಾಲೊರೆಸುವ ಮ್ಯಾಟು ಎಂದು. ದಪ್ಪ ನೂಲನ್ನು ಬಿಗಿಯಾಗಿ ಹೆಣೆದು ತೆಳು ನೂಲಿನ ಅಂಕಿಗೆ ತರಬಹುದು. ಆದರೆ ಬಂದ ಬಟ್ಟೆ ಬಾಗುವುದಿಲ್ಲ, ತೂಕ ಜಾಸ್ತಿ, ಕಂಕುಳಲ್ಲಿ ಚುಚ್ಚುತ್ತದೆ. ಹೀಗಾಗಿ ಗೇಜ್ ಹೊಂದಿಸಲು ಬಟ್ಟೆಯನ್ನು ಕೆಡಿಸುವುದು ತಪ್ಪು ದಾರಿ ಎಂಬುದು ನನ್ನ ಅಭಿಪ್ರಾಯ. ನೂಲಿಗೆ ಯಾವ ಬಟ್ಟೆ ಒಪ್ಪುತ್ತದೋ ಅದನ್ನು ಮೊದಲು ಹುಡುಕಬೇಕು, ಆಮೇಲೆ ಕುಣಿಕೆಯ ಸಂಖ್ಯೆಯನ್ನು ಬದಲಿಸಬೇಕು.

ಅದೇ ನೂಲನ್ನು 5.5 ಮಿ.ಮೀ.ನಲ್ಲಿ ಹೆಣೆದಾಗ ಬೆಳಕಿಗೆ ಹಿಡಿದರೆ ತೂತು ಕಾಣುತ್ತಿತ್ತು, ಎಳೆದರೆ ಎಳೆದಷ್ಟಕ್ಕೇ ನಿಲ್ಲುತ್ತಿತ್ತು. 5 ಮಿ.ಮೀ.ನಲ್ಲಿ ಮೆತ್ತಗಿತ್ತು, ಎಳೆದು ಬಿಟ್ಟರೆ ಹಿಂದಕ್ಕೆ ಬರುತ್ತಿತ್ತು. ದಾದಿ ಕಣ್ಣು ಮುಚ್ಚಿ ಬೆರಳಲ್ಲೇ ನೋಡಿ ಇದನ್ನು ಆರಿಸಿದರು.

ಕಡ್ಡಿ ಗೊತ್ತಾದ ಮೇಲೆ ಸರಿಯಾದ ನಮೂನೆ. 30 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ, 40 ಸಾಲು ಹೆಣೆದೆ. ಅಂಚಿನ ಕುಣಿಕೆಗಳು ಯಾವಾಗಲೂ ಸೊಟ್ಟಗಿರುತ್ತವೆ. ಅವನ್ನು ಬಿಟ್ಟು ಮಧ್ಯದ 10 ಸೆಂ.ಮೀ. ಅಳೆಯಬೇಕು, ಹಾಗಾಗಿ 10 ಸೆಂ.ಮೀ.ಗಿಂತ ದೊಡ್ಡ ತುಂಡು ಬೇಕೇ ಬೇಕು. ಟೈಲರ್ ಟೇಪ್ ಬಾಗುತ್ತದೆ, ನನ್ನ ಸ್ಟೀಲ್ ಸ್ಕೇಲ್ ಇಟ್ಟೆ. ಸೀದಾ ಮೇಲ್ಮೈಯಲ್ಲಿ ಒಂದೊಂದು ಕುಣಿಕೆಯೂ ಇಂಗ್ಲಿಷ್‌ನ ವಿ ಅಕ್ಷರದಂತೆ ಕಾಣುತ್ತದೆ, ಅವನ್ನು ಎಣಿಸಬೇಕು. ಹೆಣೆದ ತಕ್ಷಣ ಎಣಿಸಿದಾಗ 19 ಕುಣಿಕೆ, 26 ಸಾಲು ಇತ್ತು.

ಅಲ್ಲಿಗೆ ನಿಲ್ಲಿಸಬಾರದು. ಸ್ವೆಟರ್ ಹೇಗೆ ಒಗೆಯುತ್ತೀರೋ ಹಾಗೆಯೇ ನಮೂನೆಯನ್ನು ಒಗೆದು, ಎಳೆಯದೆ ಚಪ್ಪಟೆಯಾಗಿ ಹರಡಿ ಒಣಗಿಸಬೇಕು. ಮರುದಿನ ಎಣಿಸಿದಾಗ 18 ಕುಣಿಕೆ, 24 ಸಾಲು. ಮೂರು ಜಾಗದಲ್ಲಿ ಎಣಿಸಿದೆ, ಮೂರರಲ್ಲೂ ಅದೇ. ನೂಲಿನಲ್ಲಿ ಉಳಿದಿದ್ದ ಸುರುಳಿ ಬಿಟ್ಟುಕೊಂಡಿತ್ತು. 19ಕ್ಕೆ 18 ಎಂದರೆ ಸಣ್ಣ ವ್ಯತ್ಯಾಸ ಅಲ್ಲವೇ ಎನ್ನಬಹುದು. ಒಗೆಯದ ಅಂಕಿಯನ್ನು ನಂಬಿದ್ದರೆ ಹಿಂಭಾಗಕ್ಕೆ 90 ಕುಣಿಕೆ ಹಾಕಬೇಕಾಗುತ್ತಿತ್ತು. ಮೊದಲ ಒಗೆತಕ್ಕೆ ಅದು 48ರ ಬದಲು 50 ಸೆಂ.ಮೀ. ಆಗುತ್ತಿತ್ತು. ಮುಂಭಾಗದಲ್ಲೂ ಎರಡು ಸೇರಿಸಿ, ಎದೆಯ ಸುತ್ತಳತೆಯಲ್ಲಿ ನಾಲ್ಕು ಸೆಂ.ಮೀ. ಹೆಚ್ಚು.

ಅರ್ಧ ಕುಣಿಕೆಯನ್ನೂ ಬಿಡಬಾರದು ಎನ್ನುವುದು ಇದೇ ಕಾರಣಕ್ಕೆ. ಸ್ಕೇಲ್‌ನ ಹತ್ತನೇ ಗೆರೆ ಒಂದು ವಿ ಅಕ್ಷರದ ನಡುವೆ ಬಿದ್ದರೆ ಅದನ್ನು ಹದಿನೇಳೂವರೆ ಎಂದೇ ಬರೆದುಕೊಳ್ಳಬೇಕು. ಹತ್ತು ಸೆಂ.ಮೀ.ನಲ್ಲಿ ಅರ್ಧ ಕುಣಿಕೆ ಏನೂ ಅಲ್ಲ. ಇಡೀ ಸುತ್ತಳತೆಯಲ್ಲಿ ಅದು ಹತ್ತು ಸಲ ಸೇರುತ್ತಾ ಹೋಗಿ ಎರಡೂವರೆ ಸೆಂ.ಮೀ.ಗಿಂತ ಹೆಚ್ಚಾಗುತ್ತದೆ.

ಈಗ ಮುಖ್ಯ ಲೆಕ್ಕ. ನಮ್ಮಲ್ಲಿ ಕಾಮರ್ಸ್ ಓದುವವರಿಗೆ ಇದು ಕಷ್ಟವಾಗಬಾರದು, ಡಾಲರ್‌ನಲ್ಲಿ ಕೊಟ್ಟ ಬಿಲ್ಲನ್ನು ರಿಯಾಲ್‌ಗೆ ತಿರುಗಿಸಿದ ಹಾಗೆ. ಪುಸ್ತಕದ ಕುಣಿಕೆ ಒಂದು ಕರೆನ್ಸಿ, ನಮ್ಮ ಕುಣಿಕೆ ಇನ್ನೊಂದು. ನಡುವೆ ಬದಲಾಗದೆ ಇರುವುದು ಸೆಂಟಿಮೀಟರ್. ಅಬ್ಬಾ ಅವರ ಎದೆ 88 ಸೆಂ.ಮೀ. ಒಳಗೆ ಶರ್ಟ್ ಇರುತ್ತದೆ, ಕೈ ಆಡಬೇಕು, ಅದಕ್ಕೆ 8 ಸೇರಿಸಿದರೆ 96. ಪುಸ್ತಕದ ಅಳತೆಯೂ 96 ಇದ್ದದ್ದರಿಂದಲೇ ಆ ಪ್ಯಾಟರ್ನ್ ಆರಿಸಿದ್ದು. ಅದರಲ್ಲಿ ಅರ್ಧ, 48 ಸೆಂ.ಮೀ., ಹಿಂಭಾಗ. ನಮ್ಮ ನೂಲಿನಲ್ಲಿ ಒಂದು ಸೆಂ.ಮೀ.ಗೆ 1.8 ಕುಣಿಕೆ. 48 × 1.8 = 86.4. ಪುಸ್ತಕದ ಅಳತೆ ಗೊತ್ತಿಲ್ಲದಿದ್ದರೆ ತ್ರೈರಾಶಿಯಿಂದಲೂ ಮಾಡಬಹುದು: 106 × 18 ÷ 22 = 86.7. ಎರಡೂ ದಾರಿ ಒಂದೇ ಊರಿಗೆ ಹೋಗುತ್ತವೆ.

ಆದರೆ ಉತ್ತರ 86 ಅಥವಾ 87 ಎಂದು ಬಂದ ತಕ್ಷಣ ಹಾಕುವ ಹಾಗಿಲ್ಲ. ಕೆಳಗಿನ ಬಾರ್ಡರ್ ಎರಡು ಸೀದಾ, ಎರಡು ಉಲ್ಟಾ. ಎರಡು ಸೀದಾದಿಂದ ಶುರುವಾಗಿ ಎರಡು ಸೀದಾದಲ್ಲಿ ಮುಗಿಯಬೇಕಾದರೆ ಸಂಖ್ಯೆಯಿಂದ ಎರಡು ಕಳೆದರೆ ಉಳಿದದ್ದು ನಾಲ್ಕರಿಂದ ಭಾಗವಾಗಬೇಕು. ಪುಸ್ತಕದ 106 ಹಾಗೆಯೇ ಇದೆ. 86ರಲ್ಲಿ ಎರಡು ಕಳೆದರೆ 84, ಭಾಗವಾಗುತ್ತದೆ. 87 ಆಗುವುದಿಲ್ಲ. ಹಾಗಾಗಿ 86. ಅದೃಷ್ಟಕ್ಕೆ ಹತ್ತಿರದ ಸಂಖ್ಯೆಯೇ ಸಿಕ್ಕಿತು. ಸಿಗದಿದ್ದರೆ 82 ಅಥವಾ 90 ಹಾಕಿ, ಬಾರ್ಡರ್ ಮುಗಿದ ಸಾಲಿನಲ್ಲಿ ಬೇಕಾದಷ್ಟು ಹೆಚ್ಚಿಸಿ ಇಲ್ಲವೆ ಇಳಿಸಿಕೊಳ್ಳಬೇಕು. ಬಾರ್ಡರ್‌ಗೆ ಪುಸ್ತಕ ತೆಳು ಕಡ್ಡಿ ಹೇಳಿತ್ತು, ನಾವೂ 4 ಮಿ.ಮೀ. ಹಿಡಿದೆವು.

ಏನೂ ಬದಲಿಸದೆ 106 ಹಾಕಿದ್ದರೆ ಹಿಂಭಾಗ ಸುಮಾರು 59 ಸೆಂ.ಮೀ. ಆಗುತ್ತಿತ್ತು, ಸುತ್ತಳತೆ 118. ಅದರಲ್ಲಿ ಅಬ್ಬಾ ಜೊತೆ ನನ್ನ ತಮ್ಮನೂ ಹೊಕ್ಕಬಹುದು.

ಕುಣಿಕೆಯ ಜೊತೆ ಇನ್ನೊಂದು ಪ್ರಶ್ನೆ ನಮಗೆ ಇತ್ತು: 510 ಗ್ರಾಂ ಸಾಲುತ್ತದೆಯೇ, ಅಥವಾ ತೋಳಿಲ್ಲದ ಸ್ವೆಟರ್ ಮಾಡಬೇಕೇ? ಪುಸ್ತಕದಲ್ಲಿ ಕೊಟ್ಟ ಉಂಡೆಗಳ ಸಂಖ್ಯೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ದಪ್ಪ ನೂಲು ಮೀಟರ್‌ನಲ್ಲಿ ಕಡಿಮೆ ಸಾಕು, ಗ್ರಾಂನಲ್ಲಿ ಸಾಮಾನ್ಯವಾಗಿ ಹೆಚ್ಚು ಬೇಕು. ಇದಕ್ಕೂ ನಮೂನೆಯೇ ಉತ್ತರ ಕೊಟ್ಟಿತು. ಒಗೆದು ಒಣಗಿದ ತುಂಡು ಸುಮಾರು 16.7 ಸೆಂ.ಮೀ. ಚೌಕ, ಅಂದರೆ 278 ಚದರ ಸೆಂ.ಮೀ. ತಕ್ಕಡಿಯಲ್ಲಿ 13 ಗ್ರಾಂ. ಸ್ವೆಟರ್‌ನ ಹಿಂದು, ಮುಂದು, ಎರಡು ತೋಳಿನ ಚಿತ್ರ ಬರೆದು, ಆಯತ ಮತ್ತು ತ್ರಿಕೋನಗಳಾಗಿ ಒಡೆದು ಕೂಡಿದಾಗ ಸುಮಾರು 8,700 ಚದರ ಸೆಂ.ಮೀ. ಬಂತು. 8,700 × 13 ÷ 278 ಎಂದರೆ 407 ಗ್ರಾಂ ಹತ್ತಿರ. ಬಾರ್ಡರ್ ಹೆಚ್ಚು ನೂಲು ತಿನ್ನುತ್ತದೆ, ಕುತ್ತಿಗೆ ಪಟ್ಟಿ ಇದೆ, ಹೊಲಿಗೆಗೆ ಬೇಕು. ಹತ್ತು ಪರ್ಸೆಂಟ್ ಸೇರಿಸಿದರೆ 450. ಪೂರ್ತಿ ತೋಳು ಸಾಧ್ಯ ಎಂದು ಗೊತ್ತಾದಾಗ ದಾದಿ ಏನೂ ಹೇಳಲಿಲ್ಲ, ಎದ್ದು ಹೋಗಿ ಚಹಾ ಇಟ್ಟರು.

ಕಂಕುಳಿನಿಂದ ಮೇಲೆ ಹೋದಂತೆ ಲೆಕ್ಕದಲ್ಲಿ ಒಂದು ತೊಡಕು ಬರುತ್ತದೆ. ಅಲ್ಲಿ ಸಣ್ಣ ಸಣ್ಣ ಸಂಖ್ಯೆಗಳಿರುತ್ತವೆ, ಒಂದೊಂದನ್ನೂ ಬೇರೆ ಬೇರೆಯಾಗಿ ಪೂರ್ಣಾಂಕ ಮಾಡಿದರೆ ಮೊತ್ತ ತಾಳೆಯಾಗುವುದಿಲ್ಲ. ಪುಸ್ತಕದಲ್ಲಿ ಎರಡೂ ಬದಿಗೆ 6 ಕುಣಿಕೆ ಮುಚ್ಚಿ, ಆಮೇಲೆ ಸಾಲು ಬಿಟ್ಟು ಸಾಲಿಗೆ ಎರಡೂ ತುದಿಯಲ್ಲಿ ಒಂದೊಂದರಂತೆ 6 ಸಲ ಇಳಿಸಬೇಕು. ಉಳಿಯುವುದು 82. ನಮ್ಮ ಲೆಕ್ಕದಲ್ಲಿ ಎರಡೂ 6ಗಳು 4.9 ಆಗುತ್ತವೆ, ಅಂದರೆ 5. ಹೀಗೆ 86ರಲ್ಲಿ 20 ಹೋಗಿ 66. ಅಳೆದರೆ ಪುಸ್ತಕದ ಬೆನ್ನು 37.3 ಸೆಂ.ಮೀ., ನಮ್ಮದು 36.7. ಪರವಾಗಿಲ್ಲ.

ಮುಂದೆ ಪುಸ್ತಕದ 82 ಹೀಗೆ ಹಂಚಿಕೆಯಾಗುತ್ತದೆ: ಒಂದು ಭುಜ 24, ಕುತ್ತಿಗೆ 34, ಇನ್ನೊಂದು ಭುಜ 24. ಭುಜವನ್ನು ತಿರುಗಿಸಿದರೆ 19.6, ಪೂರ್ಣಾಂಕ 20. ಕುತ್ತಿಗೆ 27.8, ಪೂರ್ಣಾಂಕ 28. ಕೂಡಿದರೆ 20, 28, 20, ಒಟ್ಟು 68. ಆದರೆ ಕಡ್ಡಿಯ ಮೇಲಿರುವುದು 66. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದ ಹಾಗೆ. ಇಲ್ಲಿ ಸಸ್ಪೆನ್ಸ್ ಅಕೌಂಟ್ ತೆರೆಯಲು ಆಗುವುದಿಲ್ಲ, ಎಲ್ಲಿಂದ ಎರಡು ತೆಗೆಯಬೇಕು ಎಂದು ತೀರ್ಮಾನಿಸಬೇಕು. ಕುತ್ತಿಗೆಯಿಂದ ತೆಗೆದರೆ ತಲೆ ನುಸುಳುವ ಜಾಗ ಒಂದು ಸೆಂ.ಮೀ.ಗಿಂತ ಹೆಚ್ಚು ಚಿಕ್ಕದಾಗುತ್ತದೆ. ಭುಜದಿಂದ ಒಂದೊಂದು ತೆಗೆದರೆ ಭುಜ 10.9ರ ಬದಲು 10.6 ಸೆಂ.ಮೀ., ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ 19, 28, 19. ಹೆಣೆಯುವ ಮೊದಲೇ ಕಾಗದದ ಮೇಲೆ ಇದನ್ನು ಕೂಡಿ ನೋಡುವುದು ಒಳ್ಳೆಯದು, ಏಕೆಂದರೆ ಕಡ್ಡಿಯ ಮೇಲೆ ಗೊತ್ತಾಗುವ ಹೊತ್ತಿಗೆ ಒಂದು ಭುಜ ಮುಗಿದಿರುತ್ತದೆ.

ಇಲ್ಲಿಯವರೆಗೆ ಸಾಲಿನ ಲೆಕ್ಕ ಬೇಕಾಗಲಿಲ್ಲ. ಕಂಕುಳಿನವರೆಗೆ 40 ಸೆಂ.ಮೀ. ಹೆಣೆಯಿರಿ ಎಂದು ಪುಸ್ತಕ ಹೇಳಿದರೆ ಯಾವ ನೂಲಾದರೂ 40 ಸೆಂ.ಮೀ. ಬರುವವರೆಗೆ ಹೆಣೆದರಾಯಿತು. ಅದಕ್ಕೇ ಕೆಲವರು ಸಾಲಿನ ಗೇಜ್ ಅಳೆಯುವುದೇ ಇಲ್ಲ. ತೋಳಿಗೆ ಬಂದಾಗ ಅದು ಕೈಕೊಡುತ್ತದೆ. ತೋಳು ಮಣಿಕಟ್ಟಿನಿಂದ ಮೇಲೆ ಹೋಗುತ್ತಾ ಅಗಲವಾಗಬೇಕು. ಎಷ್ಟು ಕುಣಿಕೆ ಹೆಚ್ಚಬೇಕು ಎಂಬುದು ಅಗಲದ ಲೆಕ್ಕ, ಎಷ್ಟು ಸಾಲಿನಲ್ಲಿ ಹೆಚ್ಚಬೇಕು ಎಂಬುದು ಉದ್ದದ ಲೆಕ್ಕ. ಎರಡೂ ಒಟ್ಟಿಗೆ ಬದಲಾಗುತ್ತವೆ.

ಪುಸ್ತಕದಲ್ಲಿ ಹೀಗಿತ್ತು: ಬಾರ್ಡರ್ ಆದ ಮೇಲೆ 50 ಕುಣಿಕೆ, ಪ್ರತಿ 6ನೇ ಸಾಲಿನಲ್ಲಿ ಎರಡೂ ತುದಿಗೆ ಒಂದೊಂದು ಹೆಚ್ಚಿಸುತ್ತಾ 86 ಆಗುವವರೆಗೆ. ಅಂದರೆ 18 ಸಲ, 108 ಸಾಲು. ಪುಸ್ತಕದ ಗೇಜ್‌ನಲ್ಲಿ 108 ಸಾಲು ಎಂದರೆ 38.6 ಸೆಂ.ಮೀ. ನಾವು ಅದನ್ನೇ ಕುರುಡಾಗಿ 108 ಸಾಲು ಹೆಣೆದರೆ, ನಮ್ಮದು 10 ಸೆಂ.ಮೀ.ಗೆ 24 ಸಾಲು, ತೋಳಿನ ಆ ಭಾಗ 45 ಸೆಂ.ಮೀ. ಆಗುತ್ತದೆ. ಅಬ್ಬಾ ಅವರ ಬೆರಳು ಒಳಗೇ ಉಳಿಯುತ್ತದೆ, ಹಿಟ್ಟು ಕಲಸುವ ಕೆಲಸಕ್ಕೆ ಅದು ಆಗುವ ಮಾತಲ್ಲ.

ನಾನು ಮಾಡಿದ್ದು ಇಷ್ಟು. ಪುಸ್ತಕದ 50 ಕುಣಿಕೆ 22.7 ಸೆಂ.ಮೀ.; 1.8ರಿಂದ ಗುಣಿಸಿದರೆ 41. ಬಾರ್ಡರ್‌ಗೆ ಹೊಂದುವ ಹತ್ತಿರದ ಸಂಖ್ಯೆ 42. ತೋಳಿನ ಮೇಲ್ಭಾಗದ 86 ಕುಣಿಕೆ 39.1 ಸೆಂ.ಮೀ.; ನಮ್ಮದರಲ್ಲಿ 70. ಹಾಗಾದರೆ 28 ಕುಣಿಕೆ ಹೆಚ್ಚಬೇಕು, ಒಂದು ಸಲಕ್ಕೆ ಎರಡರಂತೆ 14 ಸಲ. ಉದ್ದ ಬದಲಾಗಬಾರದು, 38.6 ಸೆಂ.ಮೀ.ಗೆ ನಮ್ಮ 2.4 ಸಾಲಿನಂತೆ 92 ಸಾಲು. 92ನ್ನು 14ರಿಂದ ಭಾಗಿಸಿದರೆ ಆರೂವರೆಗಿಂತ ಸ್ವಲ್ಪ ಹೆಚ್ಚು. ಆರೂವರೆಯ ಸಾಲು ಎಂಬುದು ಇಲ್ಲ. ಏಳನೇ ಸಾಲು ಎಂದರೆ ಒಮ್ಮೆ ಸೀದಾ ಕಡೆ, ಒಮ್ಮೆ ಉಲ್ಟಾ ಕಡೆ ಹೆಚ್ಚಿಸಬೇಕಾಗುತ್ತದೆ, ಅದು ತಲೆನೋವು. ಯಾವಾಗಲೂ ಸೀದಾ ಸಾಲಿನಲ್ಲೇ ಹೆಚ್ಚಿಸಬೇಕಾದರೆ ಸಮಸಂಖ್ಯೆ ಬೇಕು. ಹದಿನಾಲ್ಕು ಸಲವೂ ಆರಾದರೆ 84 ಸಾಲು, ಎಂಟು ಸಾಲು ಉಳಿಯುತ್ತದೆ. ಆ ಎಂಟನ್ನು ಎರಡೆರಡಾಗಿ ನಾಲ್ಕು ಸಲಕ್ಕೆ ಹಂಚಿದರೆ, 10 ಸಲ ಪ್ರತಿ 6ನೇ ಸಾಲು, 4 ಸಲ ಪ್ರತಿ 8ನೇ ಸಾಲು. 60 ಮತ್ತು 32, ಸರಿಯಾಗಿ 92.

ದಾದಿ ಈ ಕಾಗದವನ್ನು ನನ್ನಿಂದ ಓದಿಸಿ ಕೇಳಿದರು. ಅವರು ತಮ್ಮ ಕಾಲದಲ್ಲಿ ಇದನ್ನು ಬರೆದೇ ಇರಲಿಲ್ಲ. ಇರುವ ಸ್ವೆಟರ್ ಪಕ್ಕದಲ್ಲಿಟ್ಟುಕೊಂಡು ತೋಳು ಅದರ ಗೆರೆಗೆ ಹೊಂದುತ್ತಿದೆಯೇ ಎಂದು ನಾಲ್ಕು ಬೆರಳಿಗೊಮ್ಮೆ ನೋಡುತ್ತಿದ್ದರಂತೆ. ಅಂದಾಜು ಎನ್ನುವ ಪದ ಅವರ ಭಾಷೆಯಿಂದಲೇ ಕನ್ನಡಕ್ಕೆ ಬಂದದ್ದು, ಅವರ ಅಂದಾಜು ನನ್ನ ಕ್ಯಾಲ್ಕ್ಯುಲೇಟರ್‌ಗಿಂತ ದೂರವೇನೂ ಇರುತ್ತಿರಲಿಲ್ಲ. ನಾಲ್ಕು ಬೆರಳಿನ ಈ ಪರೀಕ್ಷೆಯನ್ನು ನಾನೂ ಉಳಿಸಿಕೊಂಡೆ. ಹಿಂಭಾಗ 15 ಸೆಂ.ಮೀ. ಆದಾಗ ಕಡ್ಡಿಯಿಂದ ಕುಣಿಕೆಗಳನ್ನು ಉದ್ದ ದಾರಕ್ಕೆ ಏರಿಸಿ ಚಪ್ಪಟೆಯಾಗಿ ಇಟ್ಟು ಅಳೆದೆ. ಸಣ್ಣ ತುಂಡು ಹೆಣೆಯುವಾಗ ಕೈ ಬಿಗಿಯಾಗಿರುತ್ತದೆ, ನೂರಾರು ಸಾಲು ಹೋದಂತೆ ಕೈ ಸಡಿಲವಾಗುತ್ತದೆ. ನಮೂನೆ ಹೇಳಿದ್ದು ನಿಜವೇ ಎಂದು ಅಲ್ಲಿ ತಿಳಿಯುತ್ತದೆ. ಕಡ್ಡಿಯ ಮೇಲೆ ಇದ್ದಾಗ ಅಳೆದರೆ ಬಟ್ಟೆ ಮುದುಡಿರುವುದರಿಂದ ಸುಳ್ಳು ಅಂಕಿ ಬರುತ್ತದೆ.

ಎಲ್ಲ ಪ್ಯಾಟರ್ನ್‌ಗೂ ಈ ಲೆಕ್ಕ ಇಷ್ಟು ಸುಲಭವಾಗಿ ಒಗ್ಗುವುದಿಲ್ಲ. ನಮ್ಮದು ಸಾದಾ ಹೆಣಿಗೆ. ಜಡೆಯಂಥ ಕೇಬಲ್ ಡಿಸೈನ್ ಇದ್ದರೆ ಆ ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ, ಹಾಗಾಗಿ ನಮೂನೆಯನ್ನು ಅದೇ ಡಿಸೈನ್‌ನಲ್ಲಿ ಹೆಣೆಯಬೇಕು. ಜೊತೆಗೆ ಹನ್ನೆರಡು ಕುಣಿಕೆಗೊಮ್ಮೆ ಹೂವು ಬರುವ ಡಿಸೈನ್ ಆದರೆ ಹನ್ನೆರಡರ ಲೆಕ್ಕದಲ್ಲೇ ಜಿಗಿಯಬೇಕು, ಬೇಕಾದ ಅಳತೆ ಎರಡು ಹೂವಿನ ನಡುವೆ ಸಿಕ್ಕಿಬೀಳುತ್ತದೆ. ಕುತ್ತಿಗೆಯಿಂದ ಕಂಕುಳಿಗೆ ಓರೆ ಗೆರೆ ಬರುವ ರಾಗ್ಲನ್ ಸ್ವೆಟರ್‌ನಲ್ಲಿ ಕುಣಿಕೆ ಮತ್ತು ಸಾಲು ಮೊದಲಿನಿಂದ ಕೊನೆವರೆಗೆ ಒಂದಕ್ಕೊಂದು ಕಟ್ಟಿಹಾಕಿರುತ್ತವೆ, ಅದನ್ನು ಈ ರೀತಿ ತುಂಡು ತುಂಡಾಗಿ ತಿರುಗಿಸುವುದು ನನಗೆ ಧೈರ್ಯವಿಲ್ಲ. ಡಿ.ಕೆ.ಯಿಂದ ವರ್ಸ್ಟೆಡ್ ಒಂದು ಮೆಟ್ಟಿಲು ಮಾತ್ರ. ಎರಡು ಮೂರು ಮೆಟ್ಟಿಲು ಹಾರಿದರೆ ಸಂಖ್ಯೆ ಸರಿ ಬಂದರೂ ಬಟ್ಟೆಯ ದಪ್ಪವೇ ಒಳಗಿನ ಜಾಗ ತಿನ್ನುತ್ತದೆ.

ಅದರ ಸಣ್ಣ ರುಚಿ ನಮಗೂ ಸಿಕ್ಕಿತು. ಜನವರಿಯ ಎರಡನೇ ವಾರದಲ್ಲಿ ಸ್ವೆಟರ್ ಮುಗಿದು, ಒಗೆದು, ಒಣಗಿದ ಮೇಲೆ ಎದೆಯ ಸುತ್ತಳತೆ 96 ಇರಲಿಲ್ಲ, 95 ಇತ್ತು. ಎರಡೂ ಪಕ್ಕದ ಹೊಲಿಗೆಯಲ್ಲಿ ಅಂಚಿನ ಕುಣಿಕೆಯ ಒಂದು ಪಾಲು ಒಳಗೆ ಹೋಗುತ್ತದೆ, ದಪ್ಪ ನೂಲಿನ ಕುಣಿಕೆ ಅಗಲವಾದ್ದರಿಂದ ಅದು ತಿನ್ನುವ ಜಾಗವೂ ಹೆಚ್ಚು. 88ರ ಎದೆಗೆ 95 ಸಾಕಾಯಿತು. ತೋಳು ಮಣಿಕಟ್ಟಿನ ಗೆಣ್ಣಿಗೆ ಸರಿಯಾಗಿ ನಿಂತಿತು. ಅಬ್ಬಾ ಹಾಕಿಕೊಂಡು ಎರಡೂ ಕೈ ಮುಂದೆ ಚಾಚಿ, ಹಿಟ್ಟು ನಾದುವ ಹಾಗೆ ಮಾಡಿ ನೋಡಿದರು. ದಾದಿ ಹತ್ತಿರ ಕರೆದು ಭುಜದ ಹೊಲಿಗೆ ಮುಟ್ಟಿ ನೋಡಿ, ಬಣ್ಣ ಮಾತ್ರ ಅದೇ ಇದೆ ಎಂದರು.

ತಕ್ಕಡಿಯಲ್ಲಿ ಸ್ವೆಟರ್ 455 ಗ್ರಾಂ ತೂಗಿತು. ಉಳಿದ ನೂಲಿನ ಉಂಡೆಯನ್ನು ದಾದಿ ಒಗೆದ ನಮೂನೆಯ ಜೊತೆ ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ಈ ಸಲವೂ ಮೊದಲು ಸವೆಯುವುದು ಮೊಣಕೈಯೇ ಎಂದು ಅವರ ಲೆಕ್ಕ.